ಸವುಳು ನೀರನ್ನು ಕುಡಿಯುವ ನೀರಾಗಿಸಲು ಎಷ್ಟು ಒತ್ತಡ ಬೇಕು? ಅಭಿಸರಣೆಯಿಂದ ಆರ್‌ಒ ಪಂಪಿನವರೆಗೆ ಹಂತ ಹಂತದ ಲೆಕ್ಕ

ಒಂದು ಕೊಳವೆ ಬಾವಿಯ ನೀರಿನಲ್ಲಿ ಲೀಟರಿಗೆ 3000 ಮಿಲಿಗ್ರಾಂ ಲವಣ ಕರಗಿದೆ ಎಂದುಕೊಳ್ಳೋಣ. ಅದರಿಂದ ಶುದ್ಧ ನೀರು ಬೇರ್ಪಡಬೇಕಾದರೆ ಮೀರಬೇಕಾದ ಒತ್ತಡ, ಎಂದರೆ ಆ ನೀರಿನ ಅಭಿಸರಣ ಒತ್ತಡ, ಸುಮಾರು 2.6 ಬಾರ್ ಮಾತ್ರ. ಆದರೂ ಅದೇ ನೀರನ್ನು ಸಿಹಿ ಮಾಡುವ ಆರ್‌ಒ ಘಟಕದ ಒತ್ತಡಮಾಪಕದ ಮುಳ್ಳು 11 ಬಾರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಮತ್ತು ಪಂಪನ್ನು ಕೊಳ್ಳುವಾಗ 14 ಬಾರ್ ಕೊಡಬಲ್ಲದ್ದನ್ನೇ ಕೊಳ್ಳಬೇಕಾಗುತ್ತದೆ. ಪಠ್ಯಪುಸ್ತಕದ ಸೂತ್ರ ಹೇಳುವ ಅಂಕಿಗೂ ಘಟಕಕ್ಕೆ ಬೇಕಾಗುವ ಅಂಕಿಗೂ ನಡುವೆ ಇರುವ ಈ ನಾಲ್ಕೈದು ಪಟ್ಟು ಅಂತರ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದವರಿಗೆ ಘಟಕದ ವಿನ್ಯಾಸವೂ ಅರ್ಥವಾಗುತ್ತದೆ, ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂಬುದೂ ಗೊತ್ತಾಗುತ್ತದೆ. ಗಂಟೆಗೆ 1000 ಲೀಟರ್ ಶುದ್ಧ ನೀರು ಕೊಡುವ ಘಟಕವನ್ನು, ಎಂದರೆ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕ ಹೊತ್ತು ನಿಂತಿರುವಂಥದ್ದನ್ನು, ಉದಾಹರಣೆಯಾಗಿಟ್ಟುಕೊಂಡು ಆ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ.

ಸಹಜ ಅಭಿಸರಣೆ ಮತ್ತು ಅದನ್ನು ತಿರುಗಿಸುವ ಬಗೆ

ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನ ಹೋಳುಗಳು ಸುಕ್ಕುಗಟ್ಟಿ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರನ್ನು ಯಾರೂ ಹೊರಗಿನಿಂದ ಸುರಿದಿಲ್ಲ. ಅದು ಹೋಳಿನ ಜೀವಕೋಶಗಳ ಪೊರೆಯನ್ನು ದಾಟಿ, ಉಪ್ಪು ಕಡಿಮೆ ಇರುವ ಒಳಗಿನಿಂದ ಉಪ್ಪು ಹೆಚ್ಚಿರುವ ಹೊರಗಿನ ಕಡೆಗೆ ಬಂದದ್ದು. ನೀರನ್ನು ಬಿಟ್ಟು ಲವಣವನ್ನು ತಡೆಯುವ ಇಂಥ ಅರೆವ್ಯಾಪ್ಯ ಪೊರೆಯ ಎರಡು ಬದಿಗಳಲ್ಲಿ ಲವಣದ ಪ್ರಮಾಣ ಬೇರೆ ಬೇರೆಯಾಗಿದ್ದಾಗ ನೀರು ತಾನಾಗಿಯೇ ಸಾಂದ್ರ ದ್ರಾವಣದತ್ತ ಹರಿಯುವುದೇ ಅಭಿಸರಣೆ. ಫ್ರಾನ್ಸಿನ ಜಾನ್ ಆಂತ್ವಾನ್ ನೊಲೆ 1748ರಲ್ಲಿ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಳಸಿ ಇದನ್ನು ಗಮನಿಸಿ ದಾಖಲಿಸಿದರು.

ಸಾಂದ್ರ ದ್ರಾವಣದ ಕಡೆಯಿಂದ ನಾವು ಒತ್ತಡ ಹಾಕಿದರೆ ಈ ಹರಿವು ನಿಧಾನವಾಗುತ್ತದೆ, ಒಂದು ನಿರ್ದಿಷ್ಟ ಒತ್ತಡದಲ್ಲಿ ಪೂರ್ತಿಯಾಗಿ ನಿಲ್ಲುತ್ತದೆ, ಅದನ್ನು ಮೀರಿದರೆ ದಿಕ್ಕು ಬದಲಿಸುತ್ತದೆ. ಹರಿವು ನಿಲ್ಲುವ ಆ ಬಿಂದುವಿಗೆ ಅಭಿಸರಣ ಒತ್ತಡವೆಂದೂ, ಅದನ್ನು ಮೀರಿದ ಸ್ಥಿತಿಗೆ ಹಿಮ್ಮುಖ ಅಭಿಸರಣೆ ಅಥವಾ ರೂಢಿಯಲ್ಲಿ ಆರ್‌ಒ ಎಂದೂ ಹೆಸರು. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ: ಅಭಿಸರಣ ಒತ್ತಡಕ್ಕೆ ಸರಿಸಮನಾದ ಒತ್ತಡ ಹಾಕಿದರೆ ನಮಗೆ ಒಂದು ಹನಿ ಶುದ್ಧ ನೀರೂ ಸಿಗುವುದಿಲ್ಲ. ಅದು ಸೊನ್ನೆಯ ಗೆರೆ. ನೀರು ಸಿಗುವುದು ಆ ಗೆರೆಯ ಮೇಲೆ ಹಾಕಿದ ಹೆಚ್ಚುವರಿ ಒತ್ತಡದಿಂದ. ಅದನ್ನು ಮುಂದೆ ನಿವ್ವಳ ಒತ್ತಡ ಎಂದು ಕರೆಯುತ್ತೇನೆ.

ಮೊದಲ ಹಂತ: ಬಾವಿಯ ನೀರನ್ನು ಅಳೆಯುವುದು

ಲೆಕ್ಕಕ್ಕೆ ಮೊದಲು ಬೇಕಾದದ್ದು ಕರಗಿದ ಒಟ್ಟು ಲವಣಾಂಶ, ಎಂದರೆ ಟಿಡಿಎಸ್. ಜೇಬಿನಲ್ಲಿಡುವ ಟಿಡಿಎಸ್ ಮೀಟರ್ ಲವಣವನ್ನು ನೇರವಾಗಿ ಅಳೆಯುವುದಿಲ್ಲ. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು ಅದನ್ನೊಂದು ಗುಣಕದಿಂದ ಗುಣಿಸಿ ತೋರಿಸುತ್ತದೆ. ಸವುಳು ನೀರಿಗೆ ಈ ಗುಣಕ ಸಾಮಾನ್ಯವಾಗಿ 0.65ರ ಹತ್ತಿರ ಇರುತ್ತದೆ. ಆದ್ದರಿಂದ ವಾಹಕತೆ ಸೆಂಟಿಮೀಟರಿಗೆ 4600 ಮೈಕ್ರೊಸೀಮೆನ್ಸ್ ಬಂದರೆ ಲವಣಾಂಶ ಲೀಟರಿಗೆ 3000 ಮಿಲಿಗ್ರಾಂ ಎಂದು ಹಿಡಿಯಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಪ್ರಕಾರ 500 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 2000ದವರೆಗೆ ಅವಕಾಶವಿದೆ. ನಮ್ಮ ಬಾವಿ ಎರಡನ್ನೂ ಮೀರಿದೆ.

ಮಾದರಿಯನ್ನು ತೆಗೆಯುವ ಕಾಲವೂ ಮುಖ್ಯ. ಮಳೆಗಾಲ ಮುಗಿದಾಗ ತೆಗೆದ ಮಾದರಿಯಲ್ಲಿ ಲವಣ ಕಡಿಮೆ ಕಾಣಬಹುದು; ಬೇಸಿಗೆಯ ಕೊನೆಯಲ್ಲಿ ನೀರು ಆಳಕ್ಕಿಳಿದಾಗ ಅದೇ ಬಾವಿಯ ಅಂಕಿ ಏರಬಹುದು. ಘಟಕವನ್ನು ಕೆಟ್ಟ ದಿನಕ್ಕೆ ತಕ್ಕಂತೆ ವಿನ್ಯಾಸ ಮಾಡಬೇಕಾದ್ದರಿಂದ ಬೇಸಿಗೆಯ ಮಾದರಿಯೇ ಬೇಕು. ಇದಲ್ಲದೆ ಮೀಟರಿನ ಅಂಕಿಯೊಂದನ್ನೇ ನಂಬಿ ಮುಂದುವರಿಯಬಾರದು. ಕ್ಯಾಲ್ಸಿಯಂ, ಗಡಸುತನ, ಬೈಕಾರ್ಬೊನೇಟ್, ಸಲ್ಫೇಟ್, ಸಿಲಿಕಾ, ಕಬ್ಬಿಣ, ಫ್ಲೋರೈಡ್ ಮತ್ತು ನೈಟ್ರೇಟ್‌ಗಳ ಪ್ರಯೋಗಾಲಯ ವರದಿ ಕೈಯಲ್ಲಿರಬೇಕು. ಒತ್ತಡವನ್ನು ನಿರ್ಧರಿಸುವುದು ಒಟ್ಟು ಲವಣಾಂಶವಾದರೂ, ಎಷ್ಟು ನೀರನ್ನು ಹಿಂಡಬಹುದು ಎಂಬುದನ್ನು ನಿರ್ಧರಿಸುವುದು ಈ ಪಟ್ಟಿಯಲ್ಲಿರುವ ಕ್ಯಾಲ್ಸಿಯಂ ಮತ್ತು ಸಿಲಿಕಾದಂಥವು.

ಎರಡನೆಯ ಹಂತ: ಅಭಿಸರಣ ಒತ್ತಡದ ಲೆಕ್ಕ

ತೆಳು ದ್ರಾವಣಗಳ ಅಭಿಸರಣ ಒತ್ತಡವು ಅನಿಲಗಳ ಒತ್ತಡದ ನಿಯಮವನ್ನೇ ಹೋಲುತ್ತದೆ ಎಂದು 1880ರ ದಶಕದಲ್ಲಿ ತೋರಿಸಿದವರು ಡಚ್ ರಸಾಯನವಿಜ್ಞಾನಿ ವಾಂಟ್ ಹಾಫ್. ರಸಾಯನವಿಜ್ಞಾನದ ಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಅವರಿಗೆ ಬಂತು. ಅವರ ಸೂತ್ರ ಹೀಗಿದೆ:

```
π = i × C × R × T
```

ಇಲ್ಲಿ `i` ಎಂದರೆ ಒಂದು ಅಣು ಕರಗಿದಾಗ ಎಷ್ಟು ಅಯಾನುಗಳಾಗಿ ಒಡೆಯುತ್ತದೆ ಎಂಬ ಸಂಖ್ಯೆ. ಅಡುಗೆ ಉಪ್ಪಿಗೆ ಅದು 2. `C` ಎಂದರೆ ಲೀಟರಿಗೆ ಎಷ್ಟು ಮೋಲ್ ಎಂಬ ಪ್ರಮಾಣ, `R` ಅನಿಲ ಸ್ಥಿರಾಂಕ, `T` ಕೆಲ್ವಿನ್‌ನಲ್ಲಿ ಉಷ್ಣತೆ. ಬಾವಿಯ ಲವಣವೆಲ್ಲ ಅಡುಗೆ ಉಪ್ಪೇ ಎಂದು ಭಾವಿಸಿದರೆ ಲೀಟರಿಗೆ 3 ಗ್ರಾಂ ಎಂದರೆ 3 ÷ 58.44, ಅಂದರೆ 0.0513 ಮೋಲ್. ನೀರು 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್ ಇದೆ ಎಂದುಕೊಳ್ಳೋಣ.

```
π = 2 × 0.0513 × 0.08314 × 300 = 2.56 bar
```

ಇದು ಸುಮಾರು 26 ಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ. ಒಂದು ಸಾವಿರ ಮಿಲಿಗ್ರಾಮಿಗೆ 0.85 ಬಾರ್ ಎಂಬ ಸುಲಭ ಗುಣಕವೂ ಇದರಿಂದಲೇ ಸಿಗುತ್ತದೆ. ನಿಜವಾದ ಬಾವಿ ನೀರಿನಲ್ಲಿ ಉಪ್ಪಿಗಿಂತ ಭಾರವಾದ ಸಲ್ಫೇಟ್ ಮತ್ತು ಬೈಕಾರ್ಬೊನೇಟ್‌ಗಳು ಬೆರೆತಿರುವುದರಿಂದ ಅದೇ ತೂಕಕ್ಕೆ ಕಣಗಳ ಸಂಖ್ಯೆ ಕಡಿಮೆಯಾಗಿ, ಗುಣಕ 0.7ರ ಹತ್ತಿರಕ್ಕೆ ಇಳಿಯುತ್ತದೆ. ವಿನ್ಯಾಸಕ್ಕೆ 0.85 ಹಿಡಿದರೆ ನಾವು ಸುರಕ್ಷಿತ ಬದಿಯಲ್ಲಿ ಇರುತ್ತೇವೆ. ಲೀಟರಿಗೆ 35 ಗ್ರಾಂ ಲವಣವಿರುವ ಸಮುದ್ರದ ನೀರಿನಲ್ಲಾದರೆ ಈ ಒತ್ತಡ 27 ಬಾರಿನಷ್ಟಿದ್ದು, ಅದರ ಆರ್‌ಒ ಘಟಕಗಳು 55 ಬಾರಿಗೂ ಮೇಲೆ ಕೆಲಸ ಮಾಡುತ್ತವೆ. ಅಲ್ಲಿ ಒತ್ತಡದ ಬಹುಭಾಗವನ್ನು ಉಪ್ಪೇ ತಿನ್ನುತ್ತದೆ. ಸವುಳು ನೀರಿನಲ್ಲಿ ಹಾಗಲ್ಲ ಎಂಬುದು ನಾಲ್ಕನೆಯ ಹಂತದಲ್ಲಿ ಸ್ಪಷ್ಟವಾಗುತ್ತದೆ.

ಮೂರನೆಯ ಹಂತ: ಎಷ್ಟು ನೀರನ್ನು ಹಿಂಡಬೇಕು ಎಂಬ ತೀರ್ಮಾನ

ಮೇಲಿನ 2.56 ಬಾರ್ ಘಟಕದ ಬಾಗಿಲಿನಲ್ಲಿರುವ ನೀರಿನದು ಮಾತ್ರ. ಒಳಗೆ ಹೋದ ನೀರು ಪೊರೆಯ ಉದ್ದಕ್ಕೂ ಸಾಗುವಾಗ ಶುದ್ಧ ನೀರು ಸೋಸಿಹೋಗುತ್ತಾ ಉಳಿದ ನೀರು ಹೆಚ್ಚು ಹೆಚ್ಚು ಉಪ್ಪಾಗುತ್ತದೆ. ಒಳಗೆ ಬಂದ ನೀರಿನ ಅರ್ಧ ಭಾಗವನ್ನು ಶುದ್ಧ ನೀರಾಗಿ ತೆಗೆದರೆ ಹೊರಹೋಗುವ ರಿಜೆಕ್ಟ್ ನೀರಿನಲ್ಲಿ ಲವಣ ಇಮ್ಮಡಿಯಾಗಿ 6000 ಮಿಲಿಗ್ರಾಂ ಆಗುತ್ತದೆ; ಮುಕ್ಕಾಲು ಭಾಗ ತೆಗೆದರೆ ನಾಲ್ಕು ಪಟ್ಟಾಗಿ 12,000 ಆಗುತ್ತದೆ. ಹಾಗಾಗಿ ಘಟಕದೊಳಗೆ ಅಭಿಸರಣ ಒತ್ತಡ ಎಂಬುದು ಒಂದೇ ಅಂಕಿಯಲ್ಲ, ಬಾಗಿಲಿನಿಂದ ಬಾಲದವರೆಗೆ ಏರುತ್ತಾ ಹೋಗುವ ಇಳಿಜಾರು.

ಅರ್ಧ ಭಾಗ ತೆಗೆಯುವ ನಮ್ಮ ಘಟಕಕ್ಕೆ ಈ ಇಳಿಜಾರಿನ ಸರಾಸರಿಯನ್ನು ಕಂಡುಕೊಳ್ಳಲು ಒಂದು ಸೂತ್ರವಿದೆ. `Y` ಎಂದರೆ ಒಳಬಂದ ನೀರಿನಲ್ಲಿ ಶುದ್ಧ ನೀರಾಗುವ ಭಾಗ.

```
C_avg = C × ln(1/(1−Y)) / Y
      = 3000 × 0.693 / 0.5 ≈ 4160 mg/L
```

ಇದರ ಮೇಲೆ ಇನ್ನೊಂದು ಸಣ್ಣ ಸೇರ್ಪಡೆ ಬೇಕು. ನೀರು ಪೊರೆಯೊಳಗೆ ನುಗ್ಗುವಾಗ ತಾನು ಹೊತ್ತು ತಂದ ಲವಣವನ್ನು ಪೊರೆಯ ಮೈಮೇಲೆ ಬಿಟ್ಟುಹೋಗುತ್ತದೆ. ಪೊರೆಯ ಮೇಲೆ ಉದ್ದಕ್ಕೂ ಸಾಗುವ ಅಡ್ಡ ಹರಿವು ಅದನ್ನು ತೊಳೆದೊಯ್ಯುವ ಮುಂಚೆ ಅಲ್ಲೊಂದು ತೆಳುವಾದ ಸಾಂದ್ರ ಪದರ ನಿಂತಿರುತ್ತದೆ. ಸರಿಯಾದ ಹರಿವಿರುವ ಘಟಕದಲ್ಲಿ ಈ ಪದರದ ಲವಣ ಸುತ್ತಲಿನ ನೀರಿಗಿಂತ ಶೇಕಡಾ 10ರಷ್ಟು ಹೆಚ್ಚು ಎಂದು ಹಿಡಿಯಬಹುದು, ಶೇಕಡಾ 20ನ್ನು ದಾಟಲು ಬಿಡಬಾರದು. ಪೊರೆಗೆ ಗೊತ್ತಿರುವುದು ತನ್ನ ಮೈಮೇಲಿನ ಉಪ್ಪು ಮಾತ್ರ. ಆದ್ದರಿಂದ 4160ಕ್ಕೆ ಶೇಕಡಾ 10 ಸೇರಿಸಿ 4575 ಮಿಲಿಗ್ರಾಂ ಎಂದಿಟ್ಟುಕೊಂಡರೆ, 0.85ರ ಗುಣಕದಿಂದ ಸರಾಸರಿ ಅಭಿಸರಣ ಒತ್ತಡ 3.9 ಬಾರ್ ಆಗುತ್ತದೆ. ಶುದ್ಧ ನೀರಿನ ಬದಿಯ ಅಭಿಸರಣ ಒತ್ತಡ 0.1 ಬಾರಿಗೂ ಕಡಿಮೆ ಇರುವುದರಿಂದ ಅದನ್ನು ಬಿಡಬಹುದು.

ಅರ್ಧದಷ್ಟು ನೀರನ್ನು ರಿಜೆಕ್ಟ್ ಆಗಿ ಚೆಲ್ಲುವುದು ನೋಡಿದವರಿಗೆಲ್ಲ ಸಂಕಟದ ವಿಷಯ, ಮುಕ್ಕಾಲು ಭಾಗ ತೆಗೆಯಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸರಾಸರಿಯ ಲೆಕ್ಕ ಮಾಡಿದರೆ ಒತ್ತಡ ಹೆಚ್ಚುವುದು 1.3 ಬಾರ್ ಮಾತ್ರ, ಅದೇನೂ ದೊಡ್ಡದೆನಿಸುವುದಿಲ್ಲ. ಆದರೆ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಬಾಲದಲ್ಲಿರುವ 12,000 ಮಿಲಿಗ್ರಾಂ ನೀರಿಗೆ ಪದರದ ಶೇಕಡಾ 10 ಸೇರಿಸಿದರೆ ಅಲ್ಲಿನ ಅಭಿಸರಣ ಒತ್ತಡ 11.2 ಬಾರ್. ಮುಂದೆ ನೋಡುವಂತೆ ಅಂಥ ಘಟಕದ ಬಾಗಿಲಿನಲ್ಲಿ 12.1 ಬಾರ್ ಒತ್ತಡವಿದ್ದರೆ ಬಾಲದಲ್ಲಿ ಉಳಿಯುವುದು 10.9 ಬಾರ್. ಹೀಗೆ, ಪೊರೆಯನ್ನು ಸುರುಳಿ ಸುತ್ತಿ ಮಾಡಿದ ಮೆಂಬ್ರೇನುಗಳ ಸಾಲಿನಲ್ಲಿ ಕೊನೆಯದರ ತುದಿಯಲ್ಲಿ, ಹಾಕಿದ ಒತ್ತಡವೇ ಅಭಿಸರಣ ಒತ್ತಡಕ್ಕಿಂತ ಕಡಿಮೆಯಾಗಿ, ಸಾವಿರಾರು ರೂಪಾಯಿ ಕೊಟ್ಟು ಹಾಕಿದ ಪೊರೆಯ ಒಂದು ಭಾಗದಲ್ಲಿ ಸಹಜ ಅಭಿಸರಣೆ ಮರಳಿ ಶುರುವಾಗಬಹುದು. ಬಾಗಿಲಿನ ಕಡೆಯ ಮೆಂಬ್ರೇನುಗಳು ಮಾಡಿದ ಶುದ್ಧ ನೀರು ಅಲ್ಲಿ ವಾಪಸು ರಿಜೆಕ್ಟಿಗೆ ಸೇರುತ್ತದೆ. ಇದಕ್ಕೂ ಮೊದಲೇ ಎದುರಾಗುವ ತೊಡಕು ಗಡಸುತನದ್ದು. ಕ್ಯಾಲ್ಸಿಯಂ ನಾಲ್ಕು ಪಟ್ಟಾದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಪೊರೆಯ ಮೇಲೆಯೇ ಹರಳುಗಟ್ಟಿ ಕೂರುತ್ತದೆ. ಹರಳುಗಟ್ಟುವುದನ್ನು ತಡೆಯುವ ಆಂಟಿಸ್ಕೇಲೆಂಟ್ ಸರಿಯಾಗಿ ಹಾಕಿ, ಮೆಂಬ್ರೇನುಗಳನ್ನು ಎರಡು ಸ್ತರಗಳಲ್ಲಿ ಜೋಡಿಸಿ, ಬೇಕಿದ್ದರೆ ನಡುವೆ ಇನ್ನೊಂದು ಪಂಪಿಟ್ಟು ಮುಕ್ಕಾಲು ಭಾಗ ತೆಗೆಯುವ ದೊಡ್ಡ ಘಟಕಗಳು ಇವೆ. ಆರು ಮೆಂಬ್ರೇನುಗಳ ಹಳ್ಳಿಯ ಘಟಕದಲ್ಲಿ ರಿಜೆಕ್ಟ್ ವಾಲ್ವನ್ನು ತಿರುಪಿ ಅದನ್ನು ಸಾಧಿಸಲು ಹೋಗುವುದು ಸರಿಯಲ್ಲ.

ನಾಲ್ಕನೆಯ ಹಂತ: ಪೊರೆಯ ತಡೆಗೆ ತೆರಬೇಕಾದ ಒತ್ತಡ

ಪೊರೆ ಎಷ್ಟೇ ಒಳ್ಳೆಯದಾದರೂ ನೀರಿಗೆ ತಡೆಯೊಡ್ಡುತ್ತದೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತೀಯ ಮೂಲದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಸೆಲ್ಯುಲೋಸ್ ಅಸಿಟೇಟಿನಿಂದ ಅತಿ ತೆಳುವಾದ ಮೇಲ್ಪದರವುಳ್ಳ ಪೊರೆಯನ್ನು ಮಾಡುವವರೆಗೆ, ಈ ತಡೆ ಎಷ್ಟಿತ್ತೆಂದರೆ ಹಿಮ್ಮುಖ ಅಭಿಸರಣೆ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿದಿತ್ತು. ಅವರ ಪೊರೆಯಿಂದಲೇ 1965ರಲ್ಲಿ ಕ್ಯಾಲಿಫೋರ್ನಿಯದ ಕೊಲಿಂಗ ಎಂಬ ಊರಿನಲ್ಲಿ ಸವುಳು ನೀರಿನ ಮೊದಲ ಆರ್‌ಒ ಘಟಕ ಜನರಿಗೆ ಕುಡಿಯುವ ನೀರು ಕೊಡತೊಡಗಿತು. ಆ ಪೊರೆಗಳಿಗೆ ಇಂದಿನ ಪಾಲಿಅಮೈಡ್ ಪೊರೆಗಳಿಗಿಂತ ಬಹಳ ಹೆಚ್ಚಿನ ಒತ್ತಡ ಬೇಕಾಗುತ್ತಿತ್ತು. ನೀರಿನ ಉಪ್ಪು ಬದಲಾಗಿಲ್ಲ. ಕಡಿಮೆಯಾದದ್ದು ಪೊರೆಯ ತಡೆ.

ಇಂದು ಸವುಳು ನೀರಿಗೆ ಬಳಸುವ, 4 ಇಂಚು ವ್ಯಾಸ ಮತ್ತು 40 ಇಂಚು ಉದ್ದದ ಮೆಂಬ್ರೇನಿನಲ್ಲಿ ಸುಮಾರು 7.2 ಚದರ ಮೀಟರ್ ಪೊರೆಯನ್ನು ಸುರುಳಿ ಸುತ್ತಿರುತ್ತಾರೆ. ಹೊಸ ಪೊರೆ 25 ಡಿಗ್ರಿಯಲ್ಲಿ ಪ್ರತಿ ಚದರ ಮೀಟರಿಗೆ, ಪ್ರತಿ ಬಾರ್ ನಿವ್ವಳ ಒತ್ತಡಕ್ಕೆ, ಗಂಟೆಗೆ 4 ಲೀಟರಿನಷ್ಟು ನೀರು ಬಿಡುತ್ತದೆ. ಈ ಅಂಕಿಯನ್ನು ತಯಾರಕರ ಮಾಹಿತಿ ಪತ್ರದಲ್ಲಿರುವ ಪರೀಕ್ಷಾ ಒತ್ತಡ ಮತ್ತು ಪರೀಕ್ಷಾ ಹರಿವಿನಿಂದ ನೀವೇ ತೆಗೆದುಕೊಳ್ಳಬಹುದು. ಆ ಪರೀಕ್ಷೆ ಸಾಮಾನ್ಯವಾಗಿ 2000 ಮಿಲಿಗ್ರಾಂ ಉಪ್ಪಿನ ನೀರಿನಲ್ಲಿ, 15.5 ಬಾರ್ ಒತ್ತಡದಲ್ಲಿ ನಡೆದಿರುತ್ತದೆ. ಅಲ್ಲಿ ಒಂದು ಮೆಂಬ್ರೇನು ಕೊಡುವ ನೀರನ್ನೇ ಬಾವಿಯ ಮೇಲೂ ನಿರೀಕ್ಷಿಸಬಾರದು. ಬಾವಿ ನೀರಿನಲ್ಲಿ ಪೊರೆ ಬೇಗ ಕೊಳೆಯದಿರಬೇಕಾದರೆ ಚದರ ಮೀಟರಿಗೆ ಗಂಟೆಗೆ 25 ಲೀಟರಿನ ಆಸುಪಾಸಿನಲ್ಲಿ ಉಳಿಯುವುದು ಒಳ್ಳೆಯದು.

ಗಂಟೆಗೆ 1000 ಲೀಟರನ್ನು 25ರಿಂದ ಭಾಗಿಸಿದರೆ 40 ಚದರ ಮೀಟರ್. ಅದಕ್ಕೆ ಆರು ಮೆಂಬ್ರೇನು ಬೇಕು. ಆರರ ಒಟ್ಟು ವಿಸ್ತೀರ್ಣ 43.2 ಚದರ ಮೀಟರ್ ಆಗುವುದರಿಂದ ನಿಜವಾದ ಹರಿವು ಚದರ ಮೀಟರಿಗೆ 23 ಲೀಟರಿನಷ್ಟು. ಅದನ್ನು 4ರಿಂದ ಭಾಗಿಸಿದಾಗ ಬರುವ 5.8 ಬಾರ್ ನಮಗೆ ಬೇಕಾದ ನಿವ್ವಳ ಒತ್ತಡ. ಉಪ್ಪನ್ನು ಮೀರಲು 3.9 ಬಾರ್, ಪೊರೆಯೊಳಗೆ ನೀರನ್ನು ತಳ್ಳಲು 5.8 ಬಾರ್: ಸವುಳು ನೀರಿನಲ್ಲಿ ಒತ್ತಡದ ದೊಡ್ಡ ಪಾಲು ಉಪ್ಪಿನದಲ್ಲ, ಪೊರೆಯದು. ನಾಲ್ಕು ಮೆಂಬ್ರೇನಿನಲ್ಲೇ 1000 ಲೀಟರ್ ತೆಗೆಯುತ್ತೇವೆ ಎಂದು ಅಗ್ಗದ ದರಪಟ್ಟಿ ಕೊಡುವವರು ಮಾಡುತ್ತಿರುವುದು ಈ ಎರಡನೆಯ ಅಂಕಿಯನ್ನು ಅರ್ಧಪಟ್ಟು ಹೆಚ್ಚಿಸುವ ಕೆಲಸವನ್ನೇ. ಮೆಂಬ್ರೇನಿನಲ್ಲಿ ಉಳಿಸಿದ ಹಣ ವಿದ್ಯುತ್ ಬಿಲ್ಲಿನಲ್ಲಿಯೂ, ಬೇಗನೆ ಕೊಳೆಯುವ ಪೊರೆಯಲ್ಲಿಯೂ ಹೋಗುತ್ತದೆ.

ಐದನೆಯ ಹಂತ: ಕೂಡಿಸಿ ಪಂಪನ್ನು ಆರಿಸುವುದು

ಇನ್ನೆರಡು ಸಣ್ಣ ಬಾಬ್ತುಗಳಿವೆ. ಆರು ಮೆಂಬ್ರೇನುಗಳ ಒಳಗಿನ ಕಿರಿದಾದ ಜಾಲರಿ ದಾರಿಯಲ್ಲಿ ಸಾಗುವಾಗ ನೀರು ಸುಮಾರು 1.2 ಬಾರ್ ಒತ್ತಡವನ್ನು ಕಳೆದುಕೊಳ್ಳುತ್ತದೆ. ಬಾಗಿಲಿನಲ್ಲಿ ನಷ್ಟವಿಲ್ಲ, ಬಾಲದಲ್ಲಿ ಪೂರ್ತಿ ನಷ್ಟ, ಆದ್ದರಿಂದ ಸರಾಸರಿಗೆ ಅರ್ಧ, ಎಂದರೆ 0.6 ಬಾರ್ ಹಿಡಿಯುತ್ತೇವೆ. ಶುದ್ಧ ನೀರನ್ನು ಮೇಲಿರುವ ತೊಟ್ಟಿಗೆ ಏರಿಸಲು 0.5 ಬಾರ್ ಬೇಕು.

```
3.9 + 5.8 + 0.6 + 0.5 = 10.8 bar
```

ಇದು ಹೊಸ ಪೊರೆಗೆ, 25 ಡಿಗ್ರಿ ನೀರಿಗೆ. ಈ ಒತ್ತಡ ಎಲ್ಲ ಮೆಂಬ್ರೇನುಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದನ್ನೂ ಒಮ್ಮೆ ನೋಡಿಕೊಳ್ಳಬೇಕು. ಬಾಗಿಲಿನಲ್ಲಿ ಉಪ್ಪಿನ ಪಾಲು 2.8 ಬಾರ್ ಮಾತ್ರವಾದ್ದರಿಂದ ನಿವ್ವಳ 7.5 ಬಾರ್ ಉಳಿದು ಚದರ ಮೀಟರಿಗೆ 30 ಲೀಟರ್ ಹರಿಯುತ್ತದೆ. ಬಾಲದಲ್ಲಿ ಉಪ್ಪಿನ ಪಾಲು 5.6ಕ್ಕೇರಿ, ದಾರಿಯ ನಷ್ಟವೂ ಕಳೆದು, ನಿವ್ವಳ 3.5 ಬಾರ್ ಉಳಿದು 14 ಲೀಟರ್ ಮಾತ್ರ ಹರಿಯುತ್ತದೆ. ಮೊದಲ ಮೆಂಬ್ರೇನು ಯಾವಾಗಲೂ ಹೆಚ್ಚು ದುಡಿಯುತ್ತದೆ, ಹಾಗಾಗಿ ಕೆಸರು ಮತ್ತು ಕಬ್ಬಿಣಕ್ಕೆ ಮೊದಲು ಬಲಿಯಾಗುವುದೂ ಅದೇ.

ಪಂಪನ್ನು ಹೊಸ ಪೊರೆಗೆ ಕೊಂಡರೆ ಎರಡನೆಯ ಚಳಿಗಾಲಕ್ಕೆ ಅದು ಸಾಲದಾಗುತ್ತದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ಪೊರೆ ಬಿಡುವ ನೀರು ಶೇಕಡಾ 3ರಷ್ಟು ಕುಗ್ಗುತ್ತದೆ. ಕೊಳವೆ ಬಾವಿಯಿಂದ ನೇರವಾಗಿ ಬರುವ ನೀರು ಬೆಚ್ಚಗಿದ್ದರೂ, ತೊಟ್ಟಿಯಲ್ಲಿ ಚಳಿಯ ರಾತ್ರಿ ಕಳೆದ ನೀರು 20 ಡಿಗ್ರಿಗೆ ಇಳಿದಿರಬಹುದು. ವರ್ಷಗಳು ಕಳೆದಂತೆ ಪೊರೆ ಒತ್ತಿಕೊಂಡು ಕೊಳೆ ಹಿಡಿದು ಇನ್ನೊಂದು ಶೇಕಡಾ 15ನ್ನು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಎರಡೂ ಸೇರಿದರೆ 5.8 ಬಾರ್ 8ರ ಹತ್ತಿರಕ್ಕೆ ಏರುತ್ತದೆ, ದಾರಿಯ ನಷ್ಟವೂ ಸ್ವಲ್ಪ ಹೆಚ್ಚಿ ಒಟ್ಟು 13.4 ಬಾರ್ ಆಗುತ್ತದೆ. ಆದ್ದರಿಂದ ಗಂಟೆಗೆ 2000 ಲೀಟರನ್ನು 14 ಬಾರಿನಲ್ಲಿ ತಳ್ಳಬಲ್ಲ ಪಂಪು ಬೇಕು. 1000 ಲೀಟರ್ ಶುದ್ಧ ನೀರಿಗೆ ಪಂಪು ತಳ್ಳಬೇಕಾದದ್ದು 2000 ಲೀಟರ್ ಎಂಬುದನ್ನು ಮರೆತು ಪಂಪು ಕೊಳ್ಳುವುದೂ ಉಂಟು. ನೀರಿಗೆ ಸೇರುವ ಶಕ್ತಿ 780 ವ್ಯಾಟ್. ಈ ಗಾತ್ರದ ಪಂಪಿನ ದಕ್ಷತೆ ಶೇಕಡಾ 45 ಎಂದರೆ 1.73 ಕಿಲೊವ್ಯಾಟ್, ಹಾಗಾಗಿ 3 ಅಶ್ವಶಕ್ತಿಯ ಮೋಟಾರು ಸಾಕು.

ಘಟಕ 11 ಬಾರಿನಲ್ಲಿ ನಡೆಯುವಾಗ, ಮೋಟಾರಿನ ನಷ್ಟವೂ ಸೇರಿ, ಪ್ರತಿ ಸಾವಿರ ಲೀಟರ್ ಶುದ್ಧ ನೀರಿಗೆ ಸುಮಾರು 1.7 ಯೂನಿಟ್ ವಿದ್ಯುತ್ ಈ ಪಂಪಿಗೇ ಹೋಗುತ್ತದೆ. ಬರೀ 2.56 ಬಾರಿನ ಗೆರೆಯನ್ನು ಮುಟ್ಟಿ, ಎಲ್ಲಿಯೂ ನಷ್ಟವಿಲ್ಲದೆ ಸಾವಿರ ಲೀಟರ್ ತೆಗೆಯುವುದಾಗಿದ್ದರೆ 0.07 ಯೂನಿಟ್ ಸಾಕಾಗುತ್ತಿತ್ತು.

ಮನೆಯ ಗೋಡೆಗೆ ಹಾಕುವ ಆರ್‌ಒ ಯಂತ್ರ ಈ ಬಾವಿಯ ನೀರಿಗೆ ಏಕೆ ಸೋಲುತ್ತದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಅದರ ಪುಟ್ಟ ಬೂಸ್ಟರ್ ಪಂಪು ಕೊಡುವುದು 5ರಿಂದ 7 ಬಾರ್. ಉಪ್ಪಿನ ಪಾಲು ಕಳೆದರೆ ಪೊರೆಗೆ ಉಳಿಯುವುದು ಎರಡು ಮೂರು ಬಾರ್, ಹಾಗಾಗಿ ನೀರು ತೊಟ್ಟಿಕ್ಕುತ್ತದೆ, ರುಚಿಯೂ ಸರಿಹೋಗುವುದಿಲ್ಲ.

ಆರನೆಯ ಹಂತ: ಘಟಕವನ್ನು ಒತ್ತಡಕ್ಕೆ ತರುವುದು

ಮರಳು ಸೋಸಕ, 5 ಮೈಕ್ರಾನಿನ ಕಾರ್ಟ್ರಿಜ್ ಸೋಸಕ ಮತ್ತು ಆಂಟಿಸ್ಕೇಲೆಂಟ್ ಹನಿಸುವ ಪಂಪು ಕೆಲಸ ಮಾಡುತ್ತಿವೆ ಎಂದು ನೋಡಿಕೊಂಡ ಮೇಲೆ ರಿಜೆಕ್ಟ್ ವಾಲ್ವನ್ನು ಪೂರ್ತಿ ತೆರೆಯಿರಿ, ಶುದ್ಧ ನೀರಿನ ದಾರಿಯಲ್ಲಿ ಯಾವ ವಾಲ್ವೂ ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೊದಲು ಕಡಿಮೆ ಒತ್ತಡದಲ್ಲಿ ನೀರು ಹರಿಸಿ ಗಾಳಿಯನ್ನೆಲ್ಲ ಹೊರಹಾಕಿ, ಅನಂತರವೇ ಅಧಿಕ ಒತ್ತಡದ ಪಂಪನ್ನು ಚಾಲೂ ಮಾಡಿ. ಗಾಳಿ ಸಿಕ್ಕಿಕೊಂಡಾಗ ಒತ್ತಡ ಒಮ್ಮೆಲೇ ಬಂದರೆ ಸುರುಳಿ ಜರುಗಿ ಮೆಂಬ್ರೇನಿನ ಹೊರಕವಚ ಸೀಳುತ್ತದೆ. ಆಮೇಲೆ ರಿಜೆಕ್ಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಇಲ್ಲಿ ಕಣ್ಣಿಡಬೇಕಾದದ್ದು ಒತ್ತಡಮಾಪಕದ ಮೇಲಲ್ಲ, ಹರಿವನ್ನು ತೋರಿಸುವ ಎರಡು ರೋಟಾಮೀಟರುಗಳ ಮೇಲೆ: ಶುದ್ಧ ನೀರು ಗಂಟೆಗೆ 1000, ರಿಜೆಕ್ಟ್ ಗಂಟೆಗೆ 1000. ಎರಡೂ ಬಂದಾಗ ಒತ್ತಡ ಎಷ್ಟಿದೆಯೋ ಅದೇ ನಿಮ್ಮ ಘಟಕದ ಒತ್ತಡ. ನಮ್ಮ ಲೆಕ್ಕದ 10.8ಕ್ಕೆ ಒಂದು ಬಾರ್ ಆಚೀಚೆ ಇದ್ದರೆ ಲೆಕ್ಕ ಸರಿಯಾಗಿದೆ. ಮಾಪಕ ಕೆಜಿ ಲೆಕ್ಕದಲ್ಲಿದ್ದರೆ ಬಾರಿಗೂ ಅದಕ್ಕೂ ಇರುವ ಶೇಕಡಾ 2ರ ವ್ಯತ್ಯಾಸವನ್ನು ಮರೆಯಬಹುದು.

ಮೊದಲ ದಿನ ಬಂದ ಒತ್ತಡ, ಎರಡೂ ಹರಿವು, ನೀರಿನ ಉಷ್ಣತೆ, ಬಾಗಿಲು ಮತ್ತು ಬಾಲದ ಒತ್ತಡಗಳ ವ್ಯತ್ಯಾಸ, ಮೂರೂ ನೀರುಗಳ ಟಿಡಿಎಸ್ ಇವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಎಲ್ಲ ಹೋಲಿಕೆಯೂ ಇವುಗಳೊಂದಿಗೇ. ಶುದ್ಧ ನೀರಿನ ಟಿಡಿಎಸ್ 50ರಿಂದ 80ರೊಳಗೆ ಬರಬೇಕು. ಅದು ಬಾಯಿಗೆ ತೀರ ಸಪ್ಪೆ. ಮೂಲ ನೀರಿನಲ್ಲಿ ಫ್ಲೋರೈಡ್ ಮತ್ತು ನೈಟ್ರೇಟ್ ಅಪಾಯದ ಮಟ್ಟದಲ್ಲಿ ಇಲ್ಲದಿದ್ದರೆ, ಸೋಸಿ ಕ್ರಿಮಿನಾಶ ಮಾಡಿದ ಬಾವಿ ನೀರನ್ನೇ ಶೇಕಡಾ 6ರಷ್ಟು ಬೆರೆಸಿ ಅಂಕಿಯನ್ನು 240ರ ಸುಮಾರಿಗೆ ತರಬಹುದು.

ಅಂಕಿಗಳು ಬದಲಾದಾಗ

ಆರು ತಿಂಗಳ ಮೇಲೆ ಶುದ್ಧ ನೀರು 1000ದಿಂದ 850ಕ್ಕೆ ಇಳಿದಿದೆ ಎನ್ನೋಣ. ನಿರ್ವಾಹಕರು ಸಾಮಾನ್ಯವಾಗಿ ಮೊದಲು ಮಾಡುವುದು ರಿಜೆಕ್ಟ್ ವಾಲ್ವನ್ನು ಇನ್ನಷ್ಟು ತಿರುಪುವುದು. ಒತ್ತಡ ಏರಿ ಶುದ್ಧ ನೀರೂ ಏರುತ್ತದೆ, ಆ ದಿನದ ಮಟ್ಟಿಗೆ ಎಲ್ಲ ಸರಿಯಾಯಿತು ಎನಿಸುತ್ತದೆ. ಆದರೆ ವಾಲ್ವು ಮುಚ್ಚಿದಂತೆ ಅಡ್ಡ ಹರಿವು ಕಡಿಮೆಯಾಗಿ ಬಾಲದ ಉಪ್ಪು ಇನ್ನೂ ಸಾಂದ್ರವಾಗುತ್ತದೆ, ಕಾಯಿಲೆಗೆ ಕಾರಣವಾದದ್ದೇ ಹೆಚ್ಚುತ್ತದೆ. ವಾಲ್ವನ್ನು ಮುಟ್ಟುವ ಮುಂಚೆ ಉಷ್ಣತೆಯನ್ನು ನೋಡಬೇಕು: ಮೊದಲ ದಿನ 28 ಡಿಗ್ರಿ ಇದ್ದು ಇಂದು 23 ಇದ್ದರೆ ಶೇಕಡಾ 15ರ ಇಳಿಕೆಗೆ ಅದೊಂದೇ ಕಾರಣ ಸಾಕು, ಏನನ್ನೂ ರಿಪೇರಿ ಮಾಡಬೇಕಾಗಿಲ್ಲ. ಆಮೇಲೆ ಮೂಲ ನೀರಿನ ಟಿಡಿಎಸ್ ನೋಡಬೇಕು. ಅದು 3000ದಿಂದ 4000ಕ್ಕೆ ಏರಿದ್ದರೆ ಸರಾಸರಿ ಅಭಿಸರಣ ಒತ್ತಡ 1.3 ಬಾರ್ ಹೆಚ್ಚಿ ನಿವ್ವಳ ಒತ್ತಡವನ್ನು ಅಷ್ಟೇ ತಿಂದಿರುತ್ತದೆ. ರಿಜೆಕ್ಟ್ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೇ ಬಿಡುವ ಕಡೆಗಳಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು. ಹೊರಗೆ ಹಾಕಿದ ಉಪ್ಪು ಸುತ್ತಿ ಬಳಸಿ ಪಂಪಿನ ಬಾಗಿಲಿಗೇ ಬರುತ್ತದೆ.

ಇವೆರಡೂ ಕಾರಣವಲ್ಲವಾದರೆ ಮಾತ್ರ ಪೊರೆಯ ಮೇಲೆ ಸಂಶಯ ಪಡಬೇಕು, ಆಗ ಇತರ ಎರಡು ಅಂಕಿಗಳು ದಾರಿ ತೋರಿಸುತ್ತವೆ. ಹರಿವು ಇಳಿದು, ಬಾಗಿಲು ಮತ್ತು ಬಾಲದ ಒತ್ತಡಗಳ ವ್ಯತ್ಯಾಸ ಏರಿ, ಮೊದಲ ಮೆಂಬ್ರೇನು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಕಬ್ಬಿಣ ಅಥವಾ ಕೆಸರು. ಹರಿವು ಇಳಿಯುವುದರ ಜೊತೆಗೆ ಶುದ್ಧ ನೀರಿನ ಟಿಡಿಎಸ್ ಏರಿ, ತೊಂದರೆ ಕೊನೆಯ ಮೆಂಬ್ರೇನಿನಲ್ಲಿದ್ದು, ಅದನ್ನು ಹೊರತೆಗೆದು ಕೈಯಲ್ಲಿ ಹಿಡಿದಾಗ ಭಾರವೆನಿಸಿ ತುದಿಯಲ್ಲಿ ಒರಟಾದ ಬಿಳಿ ಹರಳು ಕಂಡರೆ ಅದು ಗಡಸುತನದ ಹರಳು. ಕಬ್ಬಿಣಕ್ಕೂ ಗಡಸುತನದ ಹರಳಿಗೂ ಆಮ್ಲದ ತೊಳೆತ, ಕೆಸರಿಗೆ ಕ್ಷಾರದ ತೊಳೆತ ನಡೆಯುತ್ತದೆ, ಆದರೆ ಅದು ತಡವಾಗಬಾರದು: ಉಷ್ಣತೆಯನ್ನು ಸರಿದೂಗಿಸಿದ ಮೇಲೂ ಹರಿವು ಶೇಕಡಾ 10 ಇಳಿದಿದ್ದರೆ ಅಥವಾ ಒತ್ತಡ ವ್ಯತ್ಯಾಸ ಶೇಕಡಾ 15 ಏರಿದ್ದರೆ ತೊಳೆಯುವ ಹೊತ್ತಾಗಿದೆ. ಹರಿವು ಇಳಿಯುವ ಬದಲು ಏರಿ, ಜೊತೆಗೆ ಟಿಡಿಎಸ್ಸೂ ಏರಿದರೆ ನಿರ್ವಾಹಕರು ಸಂತೋಷಪಡುವುದುಂಟು. ಅದು ಕ್ಲೋರಿನ್ ಪೊರೆಯನ್ನು ತಿಂದಿರುವ ಅಥವಾ ಓ-ರಿಂಗ್ ಹರಿದಿರುವ ಲಕ್ಷಣ, ಕ್ಲೋರಿನ್ ತಿಂದದ್ದಾದರೆ ಯಾವ ತೊಳೆತವೂ ಅದನ್ನು ಸರಿಮಾಡದು.

ಒತ್ತಡ ಕಡಿಮೆಯಾದರೆ ನೀರಿನ ಗುಣವೂ ಕೆಡುತ್ತದೆ ಎಂಬುದು ಹಲವರಿಗೆ ವಿಚಿತ್ರವೆನಿಸುತ್ತದೆ. ಮೆಲ್ಲಗೆ ಸೋಸಿದರೆ ಚೆನ್ನಾಗಿ ಸೋಸೀತು ಎಂಬುದು ಬಟ್ಟೆಯ ಸೋಸುವಿಕೆಗೆ ಹೊಂದುವ ಊಹೆ. ಆರ್‌ಒ ಪೊರೆಯಲ್ಲಿ ನೀರು ಒತ್ತಡಕ್ಕೆ ತಕ್ಕಂತೆ ದಾಟುತ್ತದೆ, ಆದರೆ ಲವಣ ದಾಟುವುದು ಎರಡು ಬದಿಗಳ ಸಾಂದ್ರತೆಯ ವ್ಯತ್ಯಾಸದಿಂದ, ಅದಕ್ಕೆ ಒತ್ತಡದ ಹಂಗಿಲ್ಲ. ನಿವ್ವಳ ಒತ್ತಡ ಅರ್ಧಕ್ಕಿಳಿದರೆ ದಾಟುವ ನೀರು ಅರ್ಧವಾಗುತ್ತದೆ, ದಾಟುವ ಉಪ್ಪು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದೇ ಉಪ್ಪು ಅರ್ಧ ನೀರಿನಲ್ಲಿ ಕರಗಿ ಟಿಡಿಎಸ್ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ.

ಪಂಪು ನಿಂತ ಕೂಡಲೇ ಈ ವ್ಯವಸ್ಥೆಯಲ್ಲಿ ಸಹಜ ಅಭಿಸರಣೆ ತಾನಾಗಿಯೇ ಮರಳುತ್ತದೆ. ಪೊರೆಯ ಒಂದು ಬದಿಯಲ್ಲಿ 6000 ಮಿಲಿಗ್ರಾಮಿನ ರಿಜೆಕ್ಟ್ ನೀರು, ಇನ್ನೊಂದು ಬದಿಯಲ್ಲಿ ಶುದ್ಧ ನೀರು ನಿಂತಿರುವುದರಿಂದ ಶುದ್ಧ ನೀರು ಹಿಂದಕ್ಕೆ ಎಳೆಯಲ್ಪಡುತ್ತದೆ. ಇದು ಮಿತಿಯಲ್ಲಿದ್ದರೆ ಹಾನಿಯಿಲ್ಲ. ಆದರೆ ಮೇಲಿನ ತೊಟ್ಟಿಯ ನೀರೆಲ್ಲ ಹಿಂದಕ್ಕೆ ಒತ್ತುವಂತಿದ್ದರೆ ಪೊರೆಯ ಪದರಗಳು ಒಂದರಿಂದ ಒಂದು ಬಿಟ್ಟುಕೊಳ್ಳುತ್ತವೆ. ಹಿಂದಿನಿಂದ ಬೀಳುವ ಒತ್ತಡ ಎಂದೂ 0.3 ಬಾರನ್ನು ಮೀರಬಾರದು. ನಮ್ಮ ಉದಾಹರಣೆಯಲ್ಲಿ ತೊಟ್ಟಿಯ ದಾರಿಯಲ್ಲಿ 0.5 ಬಾರ್ ಇರುವುದರಿಂದ ಅಲ್ಲೊಂದು ನಾನ್ ರಿಟರ್ನ್ ವಾಲ್ವ್ ಹಾಕುವುದು ಕಡ್ಡಾಯ, ಪೊರೆಗೂ ಆ ವಾಲ್ವಿಗೂ ನಡುವೆ ಹಿಂದೆ ಎಳೆದುಕೊಳ್ಳಲು ಒಂದಷ್ಟು ನೀರಿರುವ ಪುಟ್ಟ ಡಬ್ಬಿಯೂ ಇದ್ದರೆ ಉತ್ತಮ. ಘಟಕವನ್ನು ನಿಲ್ಲಿಸುವ ಮುಂಚೆ ರಿಜೆಕ್ಟ್ ವಾಲ್ವನ್ನು ಪೂರ್ತಿ ತೆರೆದು, ಕಡಿಮೆ ಒತ್ತಡದಲ್ಲಿ ಐದಾರು ನಿಮಿಷ ಶುದ್ಧ ನೀರನ್ನೇ ಹಾಯಿಸಿ ಒಳಗಿನ ಉಪ್ಪುನೀರನ್ನು ತೊಳೆದುಬಿಟ್ಟರೆ, ಎರಡೂ ಬದಿಯ ಲವಣ ಹತ್ತಿರ ಹತ್ತಿರವಾಗಿ ಹಿಂದೆಳೆತವೂ ನಿಲ್ಲುತ್ತದೆ, ರಾತ್ರಿಯೆಲ್ಲ ನಿಂತ ಸಾಂದ್ರ ನೀರಿನಿಂದ ಹರಳು ಕೂರುವುದೂ ತಪ್ಪುತ್ತದೆ.